ಇಪ್ಪತ್ತು ಡಿಗ್ರಿಯ ಅಂತರ

ನಮ್ಮ ಅಬ್ಬಾ ಭಟ್ಟಿಯೊಳಗೆ ಕೈಯಿಟ್ಟು ಎಣಿಸುತ್ತಿದ್ದರು. ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿ, ಬಲಗೈಯನ್ನು ಭಟ್ಟಿಯ ಬಾಯಿಂದ ಒಳಕ್ಕೆ ಚಾಚಿ, ಕಣ್ಣು ಮುಚ್ಚಿ, ಒಂದು, ಎರಡು, ಮೂರು ಎಂದು ಮೆಲ್ಲಗೆ ಹೇಳುತ್ತಾ ಹೋಗುವರು. ಎಂಟಕ್ಕೆ ಕೈ ತಡೆಯದಾದರೆ ಬ್ರೆಡ್ಡಿಗೆ ಸರಿಯಾದ ಬಿಸಿ. ಹದಿನೈದಕ್ಕೆ ತಡೆಯದಾದರೆ ಕೇಕಿಗೆ. ಮೂವತ್ತು ದಾಟಿದರೂ ಸುಮ್ಮನೆ ಇಡಬಹುದಾದರೆ ರಸ್ಕ್ ಒಣಗಿಸುವುದಕ್ಕೆ. ತುಮಕೂರಿನ ನಮ್ಮ ಬೇಕರಿಯಲ್ಲಿ ಇದಕ್ಕಿಂತ ಬೇರೆ ಥರ್ಮಾಮೀಟರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ಕೈಗೆ ಸುತ್ತಮುತ್ತ ಹೆಸರಿತ್ತು. ಗುಬ್ಬಿಯಲ್ಲಿ ಯಾರಾದರೂ ಹೊಸ ಭಟ್ಟಿ ಕಟ್ಟಿಸಿದರೆ, ಮೊದಲ ಸಲ ಸೌದೆ ಉರಿಸಿದ ದಿನ ಅಬ್ಬಾರನ್ನು ಕರೆಸಿಕೊಳ್ಳುತ್ತಿದ್ದರು. ಅವರು ಬಸ್ಸಿನಲ್ಲಿ ಹೋಗಿ ಕೈಯಿಟ್ಟು, "ಎಡಗಡೆ ಮೂಲೆ ತಣ್ಣಗದೆ, ಅಲ್ಲಿ ಮಣ್ಣು ದಪ್ಪ ಆಗಿದೆ ನೋಡಿ" ಎಂದು ಹೇಳಿ, ಒಂದು ಲೋಟ ಚಹಾ ಕುಡಿದು ವಾಪಸು ಬರುತ್ತಿದ್ದರು. ಗೋಡೆ ಒಡೆದು ನೋಡಿದರೆ ಅಲ್ಲಿ ಮಣ್ಣು ದಪ್ಪವಾಗಿಯೇ ಇರುತ್ತಿತ್ತು. ಆ ಕೈ ಮೇಲೆ ಒಂದು ಕೂದಲೂ ಬೆಳೆಯುತ್ತಿರಲಿಲ್ಲ. ನಿಮ್ಮ ಎಡಗೈ ನನ್ನ ಗಂಡನದು, ಬಲಗೈ ಊರಿನದು ಎಂದು ಅಮ್ಮಿ ರೇಗಿಸುತ್ತಿದ್ದರು.

ನಮ್ಮದು ಮನೆಯೊಳಗೆ ಉರ್ದು, ಅಂಗಡಿಗೆ ಕಾಲಿಟ್ಟರೆ ಕನ್ನಡ. ಕೆಲಸದ ಮಾತು ಬಂದರೆ ಅಬ್ಬಾ ನನ್ನ ಜೊತೆಗೂ ಕನ್ನಡವನ್ನೇ ಆಡುವರು. ಹಿಟ್ಟು, ಬಿಸಿ, ಬಣ್ಣ, ಹದ ಇವೆಲ್ಲ ಅವರಿಗೆ ಕನ್ನಡದ ಸಂಗತಿಗಳು. ನಾನು ಬಿ.ಎಸ್ಸಿ. ಮುಗಿಸಿದ್ದೆ. ನಮ್ಮ ಬೀದಿಯಲ್ಲಿ ಡಿಗ್ರಿ ಮಾಡಿದ ಮೊದಲ ಹುಡುಗಿ ಎಂಬ ಕೋಡು ತಲೆಯ ಮೇಲಿತ್ತು. ಅಬ್ಬಾ ನಾಲ್ಕನೇ ಕ್ಲಾಸು. ಕೂಡುವುದು ಕಳೆಯುವುದು ಚೆನ್ನಾಗಿ ಬರುತ್ತಿತ್ತು, ಅದರಾಚೆಗಿನದು ಮಗಳ ಇಲಾಖೆ ಎಂದು ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟಿದ್ದರಲ್ಲ, ಅದೇ ಈಗ ನನ್ನ ಹೊಟ್ಟೆ ಉರಿಸುವುದು.

ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲದಲ್ಲಿ ಭಟ್ಟಿಯ ಹಿಂಗೋಡೆ ಬಿರುಕು ಬಿಟ್ಟಿತು. ಮತ್ತೆ ಕಟ್ಟಿಸಲು ಕಟ್ಟಡದ ಮಾಲೀಕರು ಒಪ್ಪಲಿಲ್ಲ, ಮೇಲಿನ ಮನೆಗೆ ಹೊಗೆ ಹೋಗುತ್ತದೆ ಎಂದರು. ಬ್ರೆಡ್ಡನ್ನು ಬೇರೆ ಕಡೆಯಿಂದ ತಂದು ಮಾರತೊಡಗಿದೆವು. ಸೌದಿಯಲ್ಲಿ ಕೆಲಸಕ್ಕಿದ್ದ ನಮ್ಮ ದೊಡ್ಡ ಭಾಯಿ ಆ ವರ್ಷ ರಜೆಗೆ ಬಂದಾಗ ಒಂದು ಓವನ್ ಹೊತ್ತು ತಂದರು. ಬೊಂಬಾಯಿವರೆಗೆ ವಿಮಾನದಲ್ಲಿ, ಅಲ್ಲಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರಂತೆ. ಅಮೆರಿಕದ ಮಾಲು. ಗಾಜಿನ ಬಾಗಿಲು, ಹಿಂದೆ ಒಂದು ಪುಟ್ಟ ಫ್ಯಾನು. ಅದು ಅಲ್ಲಿನ ಕರೆಂಟಿನದು, ಅರ್ಧ ವೋಲ್ಟೇಜು ಸಾಕು, ಹಾಗಾಗಿ ಕಲ್ಲಿನಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರೂ ಜೊತೆಗೆ ಬಂತು. ಅದು ಇಡೀ ದಿನ ಗುಂಯ್ ಎನ್ನುತ್ತಿತ್ತು. ಭಾಯಿ ಹದಿನೈದು ದಿನ ಇದ್ದು ಹೊರಟುಹೋದರು. ಪೆಟ್ಟಿಗೆಯಲ್ಲಿ ಇರಬೇಕಾದ ಪುಸ್ತಕ ಬೊಂಬಾಯಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು.

ಓವನ್ನಿನ ಗುಂಡಿಯ ಸುತ್ತ ನೂರೈವತ್ತರಿಂದ ನಾನೂರೈವತ್ತರವರೆಗೆ ಅಂಕಿಗಳಿದ್ದವು, ಮುಂದೆ ಎಫ್ ಎಂಬ ಅಕ್ಷರ. ಫ್ಯಾರನ್‌ಹೀಟ್. ನನ್ನ ಹತ್ತಿರ ಇದ್ದದ್ದು ಸೆಲ್ಸಿಯಸ್ಸು. ಬೆಂಗಳೂರಿನಲ್ಲಿ ಕೆಲವು ವಾರ ಬೇಕರಿ ತರಬೇತಿಗೆ ಹೋಗಿದ್ದೆ, ಅಲ್ಲಿ ಬರೆದುಕೊಂಡ ನೋಟ್‌ಬುಕ್ಕಿನಲ್ಲಿ ಪ್ರತಿ ತಿನಿಸಿಗೂ ಅಳತೆ, ಬಿಸಿ, ಹೊತ್ತು ಎಲ್ಲ ಇತ್ತು. ಕೇಕು ನೂರೆಂಬತ್ತು ಡಿಗ್ರಿ ಸೆಲ್ಸಿಯಸ್. ಆದರೆ ಆ ಬಿಸಿ ಫ್ಯಾನಿಲ್ಲದ ಓವನ್ನಿನದು, ಮೇಲೊಂದು ಕೆಳಗೊಂದು ಕಾಯಿಲ್ ಕಾಯ್ದು ಗಾಳಿ ಅಲುಗದೆ ನಿಂತಿರುವಂಥದ್ದು. ಅಲ್ಲಿನ ಮೇಡಂ ಒಂದು ಮಾತು ಹೇಳಿದ್ದರು, ಅದನ್ನೂ ಬರೆದುಕೊಂಡಿದ್ದೆ: ಫ್ಯಾನಿದ್ದರೆ ಬಿಸಿಗಾಳಿ ಸುತ್ತ ಬೀಸಿ ಬೇಗ ಬೇಯಿಸುತ್ತದೆ, ಆದ್ದರಿಂದ ಇಪ್ಪತ್ತು ಡಿಗ್ರಿ ಕಡಿಮೆ ಇಡಿ.

ನನಗೆ ಖುಷಿಯೋ ಖುಷಿ. ಇಂಥ ಲೆಕ್ಕ ಮಾಡಲಿಕ್ಕೇ ನಾನು ಹುಟ್ಟಿದ್ದು ಎನ್ನಿಸಿತು. ನೂರೆಂಬತ್ತನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿದೆ. ಮುನ್ನೂರ ಐವತ್ತಾರು. ಸರಿಯಾಗಿತ್ತು. ಇನ್ನು ಫ್ಯಾನಿನ ಇಪ್ಪತ್ತು. ಅದು ಸೆಲ್ಸಿಯಸ್ ಇಪ್ಪತ್ತು, ಫ್ಯಾರನ್‌ಹೀಟಿಗೆ ತಿರುಗಿಸಬೇಕಲ್ಲ? ಅದನ್ನೂ ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಿದೆ. ಅರವತ್ತೆಂಟು. ಮುನ್ನೂರ ಐವತ್ತಾರರಲ್ಲಿ ಅರವತ್ತೆಂಟು ಕಳೆದರೆ ಇನ್ನೂರ ಎಂಬತ್ತೆಂಟು. ಒಂದು ಚಾರ್ಟು ಮಾಡಿ, ಹೀಗೆಯೇ ಎಲ್ಲ ತಿನಿಸಿಗೂ ಕಳೆಯಿರಿ ಎಂದು ಅದರ ತಲೆಯ ಮೇಲೆ ಅರವತ್ತೆಂಟನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅಬ್ಬಾ ಚಾರ್ಟಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ಎಷ್ಟು ಚೆಂದ ಬರ್ದಿದೀಯಮ್ಮಾ" ಎಂದರು.

ಲೆಕ್ಕ ಬಲ್ಲವರಿಗೆ ನನ್ನ ತಪ್ಪು ಈಗಾಗಲೇ ಕಂಡಿರುತ್ತದೆ. ನನಗೆ ಕಾಣಲಿಲ್ಲ.

ಮೊದಲು ಕಪ್ ಕೇಕು ಮಾಡಿ ನೋಡಿದೆವು. ಸಣ್ಣವು, ಬೆಂದವು. ಬಣ್ಣ ಮಾತ್ರ ಪೇಲವ. "ಬಣ್ಣ ಸಾಲ್ದು" ಎಂದರು ಅಬ್ಬಾ. ಇದು ಸೌದೆ ಭಟ್ಟಿಯಲ್ಲ, ಎಲೆಕ್ಟ್ರಿಕ್ಕಿನದು ಹೀಗೇ ಇರುವುದು ಎಂದು ನಾನು. ಅವರಿಗೂ ಹೊಸದು, ಒಪ್ಪಿಕೊಂಡರು.

ಆ ಹೊತ್ತಿಗೆ ಕುಣಿಗಲ್ಲಿನಿಂದ ಆರ್ಡರು ಬಂತು. ಅಲ್ಲಿ ತೆಂಗಿನ ತೋಟ ಇಟ್ಟುಕೊಂಡಿದ್ದ ಒಬ್ಬ ಗೌಡರು ಅಬ್ಬಾರ ಹಳೆಯ ಗೆಳೆಯರು. ಕಾಯಿ ಮಾರಲು ತುಮಕೂರಿಗೆ ಬಂದಾಗಲೆಲ್ಲ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಬನ್ನು ತಿಂದೇ ಹೋಗುವರು. ಅವರ ಮೊಮ್ಮಗನಿಗೆ ಒಂದು ವರ್ಷ ತುಂಬುತ್ತಿತ್ತು. ಕೇಕು ಕತ್ತರಿಸುವುದು ಆಗಿನ್ನೂ ಅಂಥ ಮನೆಗಳಿಗೆ ಬರುತ್ತಿದ್ದ ಹೊಸ ಸಂಭ್ರಮ.

"ನಮ್ಮನೇಲಿ ಇದೇ ಮೊದ್ಲು ಕಣ್ ಸಾಬ್ರೇ. ನಿಮ್ ಕೈಯಿಂದ್ಲೇ ಆಗ್ಬೇಕು. ನೀವೂ ಬರ್ಬೇಕು, ಮಗಳ್ನೂ ಕರ್ಕೊಂಡ್ ಬನ್ನಿ" ಎಂದರು ಗೌಡರು.

"ನನ್ ಕೈದು ಅಂದ್ಕೊಳಿ ಗೌಡ್ರೇ, ಆದ್ರೆ ಲೆಕ್ಕ ಮಗಳ್ದು" ಎಂದು ಅಬ್ಬಾ ನಕ್ಕರು.

ಹತ್ತಿಂಚು ಅಗಲದ, ಆಳವಾದ ಟಿನ್ನಿನಲ್ಲಿ ದೊಡ್ಡ ಕೇಕು. ಅಂದು ಬೆಳಿಗ್ಗೆ ಓವನ್ ಕಾಯಿಸಿ, ಗುಂಡಿಯನ್ನು ಇನ್ನೂರ ಎಂಬತ್ತೆಂಟರ ಅಂದಾಜಿಗೆ ತಿರುಗಿಸಿ, ಟಿನ್ನು ಒಳಗಿಡುವ ಮುನ್ನ ಅಬ್ಬಾ ತೋಳು ಮಡಿಸಿದರು. ಕೈ ಒಳಗೆ ಚಾಚಿ ಎಣಿಸಿದರು. ಹದಿನೈದು ಬಂತು, ಹೋಯಿತು. ಇಪ್ಪತ್ತು. ಇಪ್ಪತ್ತೆರಡಕ್ಕೆ ಕೈ ತೆಗೆದರು.

"ಬಿಸಿ ಸಾಲ್ದು ಕಣಮ್ಮಾ."

"ಅಬ್ಬಾ, ಲೆಕ್ಕ ಸುಳ್ಳು ಹೇಳುತ್ತಾ?"

ಅವರು ಟಿನ್ನು ಎತ್ತಿ ಕೊಟ್ಟರು. ಟಿನ್ನು ಒಳಗೆ ಹೋಯಿತು. ಅರ್ಧ ಗಂಟೆಯ ಮೇಲೆ ಮತ್ತೆ ಬಾಗಿಲು ತೆರೆದು ಕೈಯಿಟ್ಟರು, ತಲೆ ಅಲ್ಲಾಡಿಸಿದರು. ಇನ್ನೊಂದಿಷ್ಟು ಹೊತ್ತಿಗೆ ಮತ್ತೊಂದು ಸಲ. ನನಗೆ ರೇಗಿತು. ಆಗ ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ತಡೆಯುವಷ್ಟರಲ್ಲಿ ಒಲೆಯ ಮೇಲಿರುತ್ತಿತ್ತು. "ಸುಮ್ನೆ ಬಾಗ್ಲು ತೆಗೀಬೇಡಿ ಅಬ್ಬಾ, ಬಿಸಿ ಎಲ್ಲಾ ಆಚೆ ಹೋಗುತ್ತೆ!" ಎಂದು ಗದರಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಬ್ಬಾ ಕೈ ಒರೆಸಿಕೊಂಡು ಹಿಂದೆ ಸರಿದರು.

ಹೊತ್ತು ಆದ ಮೇಲೆ ಕೇಕಿನ ಮೇಲೆ ಬೆರಳೊತ್ತಿ, "ಇನ್ನೊಂದು ಇಪ್ಪತ್ ನಿಮಿಷ ಇರ್ಲಿ" ಎಂದರು. ಆರಿಸಬೇಕು, ಕ್ರೀಮು ಹಚ್ಚಬೇಕು, ಕುಣಿಗಲ್ ಬಸ್ಸು ಹಿಡಿಯಬೇಕು. ನಾನು ಕಡ್ಡಿ ತೆಗೆದುಕೊಂಡು ಚುಚ್ಚಿ ನೋಡಿದೆ. ನಡುವೆ ಚುಚ್ಚಿದರೆ ತೂತು ಬೀಳುತ್ತದೆಂದು ಅಂಚಿನ ಹತ್ತಿರ ಚುಚ್ಚಿದೆ. ಕಡ್ಡಿ ಶುಭ್ರವಾಗಿ ಬಂತು. ಆಯಿತು ಎಂದೆ. ಅಂಚು ಮೊದಲು ಬೇಯುತ್ತದೆ, ನಡು ಕೊನೆಗೆ, ಇದು ಬೇಕರಿಯ ಬೆಕ್ಕಿಗೂ ಗೊತ್ತು. ಪೇಲವ ಬಣ್ಣವೆಲ್ಲ ಗುಲಾಬಿ ಕ್ರೀಮಿನ ಕೆಳಗೆ ಮುಚ್ಚಿಹೋಯಿತು.

ಬಸ್ಸು ಗೂಳೂರು ದಾಟಿದರೂ, ಹೆಬ್ಬೂರು ದಾಟಿದರೂ, ಕೇಕಿನ ಡಬ್ಬವನ್ನು ಅಬ್ಬಾ ತೊಡೆಯ ಮೇಲಿಂದ ಇಳಿಸಲಿಲ್ಲ. ಗುಂಡಿ ಬಂದಾಗಲೆಲ್ಲ ಎರಡು ಕೈಯಿಂದ ಎತ್ತಿ ಹಿಡಿಯುವರು. ಗೌಡರ ಮನೆಯ ಹಜಾರದಲ್ಲಿ ಜಮಖಾನ ಹಾಸಿ ಐವತ್ತು ಅರವತ್ತು ಜನ ಕೂತಿದ್ದರು. ಜರಿ ಟೋಪಿ ಹಾಕಿದ ಮಗುವಿನ ಕೈಗೆ ಚಾಕು ಕೊಟ್ಟು, ಆ ಕೈಯ ಮೇಲೆ ಗೌಡರು ಕೈಯಿಟ್ಟು ನಡುವಿಗೇ ಒತ್ತಿದರು. ಚಾಕು ಹೊರಗೆ ಬಂದಾಗ ಅದರ ತುಂಬ ಹಸಿ ಹಿಟ್ಟು. ಹಿಟ್ಟು ಮಗುವಿನ ಬೆರಳಿಗೂ ಅಂಟಿತು. ಕತ್ತರಿಸಿದ ಜಾಗದಿಂದ ಕ್ರೀಮು ಒಳಗೆ ಕುಸಿಯಿತು.

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಮೊದಲನೇ ವರ್ಷಕ್ಕೇ ಹೀಗಾಯಿತಲ್ಲ ಎಂದು ಒಬ್ಬ ಮುದುಕಿ ಗೊಣಗಿದರು. ನೆಲ ಬಾಯಿ ಬಿಡಬಾರದೇ ಎಂದು ನನಗೆ ಅನ್ನಿಸಿತು. ಅಬ್ಬಾ ಮುಂದೆ ಬಂದರು.

"ತಪ್ಪು ನಂದು ಗೌಡ್ರೇ. ಬೇಯಿಸಿದ್ದು ನಾನು."

ಗೌಡರು ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡಿ ಸಾಬ್ರೇ, ವಯಸ್ಸಾಯ್ತಲ್ಲ ನಿಮ್ಗೂ" ಎಂದು ಭುಜದ ಮೇಲೆ ಕೈಯಿಟ್ಟರು. ಅಬ್ಬಾರಿಗೆ ಆಗ ಐವತ್ತಾರು.

ವಾಪಸು ಬಸ್ಸು ಹೆಬ್ಬೂರಿಗೆ ಬಂತು. ಆಮೇಲೆ ಅವರೇ ಕೇಳಿದರು, ಸಿಟ್ಟಿನಿಂದಲ್ಲ, ಪಾಠ ಕೇಳುವವರ ಹಾಗೆ. "ಯಾಕಮ್ಮಾ ಹಂಗಾಯ್ತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ನೀವು ಮೂರ್ ಸಲ ಬಾಗ್ಲು ತೆಗೆದ್ರಲ್ಲ ಅಬ್ಬಾ. ಕೈ ಇಡೋಕೆ ಅಂತ. ಒಂದೊಂದ್ ಸಲಕ್ಕೂ ಒಳಗಿನ ಬಿಸಿ ಇಳ್ದೋಯ್ತು. ಅದಕ್ಕೇ ನಿಮ್ಗೆ ಬಿಸಿ ಸಾಲ್ದು ಅನ್ಸಿದ್ದು, ಅದಕ್ಕೇ ಬೇಯ್ಲಿಲ್ಲ."

ಈ ಮಾತಿನಲ್ಲಿ ಅರ್ಧ ನಿಜವಿತ್ತು. ಬಾಗಿಲು ತೆರೆದರೆ ಬಿಸಿ ಇಳಿಯುವುದು ನಿಜ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮತ್ತೆ ಏರುವುದೂ ನಿಜ. ಅರ್ಧ ನಿಜವನ್ನು ಅಲ್ಲಗಳೆಯುವುದು ನಾಲ್ಕನೇ ಕ್ಲಾಸಿನವರಿಗೆ ಹೇಗೆ ಸಾಧ್ಯ? ಅಬ್ಬಾ ಬಲಗೈಯನ್ನು ಮಂಡಿಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ತುಮಕೂರು ಬರುವ ತನಕ ಅದನ್ನೇ ನೋಡುತ್ತಿದ್ದರು.

ಎರಡು ವಾರ ಕಳೆದಿರಬೇಕು. ರಸ್ಕಿಗೆ ಚಾರ್ಟು ಬರೆಯಲು ಕೂತೆ. ಸೀಳಿದ ಬ್ರೆಡ್ಡನ್ನು ಎರಡನೇ ಸಲ ಒಣಗಿಸಲು ನೂರಿಪ್ಪತ್ತು ಸೆಲ್ಸಿಯಸ್ ಎಂದು ನೋಟ್‌ಬುಕ್ಕಿನಲ್ಲಿತ್ತು. ಫ್ಯಾನಿಗೆ ಇಪ್ಪತ್ತು ಕಳೆದರೆ ಸರಿಯಾಗಿ ನೂರು. ನೂರು ಸೆಲ್ಸಿಯಸ್ ಅಂದರೆ ನೀರು ಕುದಿಯುವ ಬಿಸಿ, ಅದು ಇನ್ನೂರ ಹನ್ನೆರಡು ಫ್ಯಾರನ್‌ಹೀಟ್ ಎಂದು ಹೈಸ್ಕೂಲಿನಿಂದ ಬಾಯಿಪಾಠ, ಲೆಕ್ಕವೇ ಬೇಡ. ಆದರೂ ನನ್ನ ಪದ್ಧತಿಯಂತೆ ಮಾಡಿ ನೋಡಿದೆ. ನೂರಿಪ್ಪತ್ತು ಅಂದರೆ ಇನ್ನೂರ ನಲವತ್ತೆಂಟು. ಅದರಲ್ಲಿ ಅರವತ್ತೆಂಟು ಕಳೆದರೆ ನೂರೆಂಬತ್ತು. ಒಂದು ದಾರಿಯಲ್ಲಿ ಇನ್ನೂರ ಹನ್ನೆರಡು, ಇನ್ನೊಂದು ದಾರಿಯಲ್ಲಿ ನೂರೆಂಬತ್ತು. ನಡುವೆ ಮೂವತ್ತೆರಡು.

ಆ ಮೂವತ್ತೆರಡನ್ನು ನೋಡುತ್ತಲೇ ನನ್ನ ತಪ್ಪು ನನಗೆ ಕಂಡಿತು. ಮೂವತ್ತೆರಡನ್ನು ಕೂಡಿಸುವುದು ಒಂದು ಬಿಸಿಯನ್ನು ಇನ್ನೊಂದು ಅಳತೆಯಲ್ಲಿ ಹೇಳುವಾಗ, ಏಕೆಂದರೆ ನೀರು ಹೆಪ್ಪುಗಟ್ಟುವ ಕಡೆ ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಮೂವತ್ತೆರಡು. ಫ್ಯಾನಿನ ಇಪ್ಪತ್ತು ಒಂದು ಬಿಸಿಯೇ ಅಲ್ಲ. ಅದು ಎರಡು ಬಿಸಿಗಳ ನಡುವಿನ ಅಂತರ. ಅಂತರಕ್ಕೆ ಒಂಬತ್ತು ಐದರ ಲೆಕ್ಕ ಸಾಕು, ಮೂವತ್ತಾರು ಬರುತ್ತದೆ. ಮುನ್ನೂರ ಐವತ್ತಾರರಲ್ಲಿ ಮೂವತ್ತಾರು ಕಳೆದರೆ ಮುನ್ನೂರ ಇಪ್ಪತ್ತು. ಮೊದಲೇ ನೂರೆಂಬತ್ತರಲ್ಲಿ ಇಪ್ಪತ್ತು ಕಳೆದು ನೂರ ಅರವತ್ತನ್ನು ತಿರುಗಿಸಿದ್ದರೂ ಅದೇ ಮುನ್ನೂರ ಇಪ್ಪತ್ತು ಬರುತ್ತಿತ್ತು, ತಪ್ಪಲು ಜಾಗವೇ ಇರುತ್ತಿರಲಿಲ್ಲ. ನಾನಿಟ್ಟಿದ್ದು ಇನ್ನೂರ ಎಂಬತ್ತೆಂಟು, ಸೆಲ್ಸಿಯಸ್ಸಿನಲ್ಲಿ ನೂರ ನಲವತ್ತೆರಡರ ಹತ್ತಿರ. ದೊಡ್ಡ ಕೇಕಿನ ಹೊಟ್ಟೆ ಆ ಹೊತ್ತಿನಲ್ಲಿ ಆ ಬಿಸಿಗೆ ಬೇಯುವುದಿಲ್ಲ. ಅಬ್ಬಾರ ಕೈ ಅದನ್ನು ಇಪ್ಪತ್ತೆರಡು ಎಣಿಸಿ ಹೇಳಿತ್ತು. ಕೇಕು ಒಳಗೆ ಹೋಗುವ ಮುಂಚೆಯೇ ಹೇಳಿತ್ತು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಬುದ್ಧಿ ಬಂದವಳು ಎದ್ದು ಹೋಗಿ ಅಬ್ಬಾರಿಗೆ ಹೇಳಬೇಕಿತ್ತು. ಅವರು ಹತ್ತು ಹೆಜ್ಜೆ ಆಚೆ, ಗಲ್ಲಾದ ಹತ್ತಿರ ಕೂತಿದ್ದರು. ನಾನು ಮಾಡಿದ್ದು ಹಳೆಯ ಚಾರ್ಟನ್ನು ಕಿತ್ತು, ಹೊಸ ಹಾಳೆಯಲ್ಲಿ ಹೊಸ ಅಂಕಿ ಬರೆದು ಅಂಟಿಸಿದ್ದು. ಯಾಕಮ್ಮಾ ಬದಲಾಯಿಸಿದೆ ಎಂದು ಕೇಳಿದರು. ಎಣ್ಣೆ ಹತ್ತಿ ಗಲೀಜಾಗಿತ್ತು ಎಂದೆ.

ಅದಾದ ಮೇಲೆ ಮಾಡಿದ ದೊಡ್ಡ ಕೇಕು ಹೊಂಬಣ್ಣಕ್ಕೆ ಬಂತು, ನಡುವಿಗೆ ಚುಚ್ಚಿದ ಕಡ್ಡಿಗೆ ಒಂದು ಕಾಳೂ ಅಂಟಲಿಲ್ಲ. ಅದು ಬೇಯುವಷ್ಟು ಹೊತ್ತೂ ಅಬ್ಬಾ ಓವನ್ನಿನಿಂದ ದೂರ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಕೇಕು ನೋಡಿ ಅವರ ಮುಖ ಅರಳಿತು. "ನೋಡ್ದಾ, ಕೈ ಇಡ್ಲಿಲ್ಲ, ಎಷ್ಟ್ ಚೆನ್ನಾಗ್ ಬಂತು!" ಎಂದರು. ಆಗಲಾದರೂ ಹೇಳಬಹುದಿತ್ತು. ಆ ಖುಷಿಯನ್ನು ಕೆಡಿಸಬಾರದು ಎಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮರ್ಯಾದೆ ಉಳಿಯಲಿ ಎಂದು ಸುಮ್ಮನಾದೆ.

ಅಂಗಡಿಗೆ ಬಂದವರಿಗೆಲ್ಲ ಅವರು ಹೇಳತೊಡಗಿದರು. ಇಷ್ಟು ವರ್ಷ ನಾನೇ ಕೈ ಹಾಕಿ ಹಾಳು ಮಾಡ್ತಿದ್ದೆ, ಮಗಳು ಬಂದು ಸರಿ ಮಾಡಿದಳು. ಕೇಳಿದವರು ನನ್ನ ಕಡೆ ನೋಡಿ ಭೇಷ್ ಎನ್ನುವರು. ನಾನು ತಲೆ ಬಗ್ಗಿಸುತ್ತಿದ್ದೆ, ಅದನ್ನೂ ವಿನಯ ಎಂದುಕೊಂಡರು. ಒಂದು ದಿನ ಗುಬ್ಬಿಯಿಂದ ಒಬ್ಬರು ಬೇಕರಿಯವರು ಬಂದರು. ಹೊಸ ಭಟ್ಟಿ ಕಟ್ಟಿಸಿದ್ದರು, ಬಂದು ಕೈಯಿಟ್ಟು ನೋಡಬೇಕೆಂದು ಕರೆಯಲು ಬಂದಿದ್ದರು.

"ನನ್ ಕೈ ನಂಬ್ಕೋಬೇಡಿ" ಎಂದರು ಅಬ್ಬಾ. "ಕುಣಿಗಲ್ಲಲ್ಲಿ ಏನಾಯ್ತು ಅಂತ ನಿಮ್ಗೆ ಗೊತ್ತಿಲ್ಲ. ಥರ್ಮಾಮೀಟ್ರು ಸಿಗುತ್ತೆ, ತಂದ್ ಇಟ್ಕೊಳಿ. ಬೇಕಾದ್ರೆ ಮಗಳು ಲೆಕ್ಕ ಹಾಕ್ಕೊಡ್ತಾಳೆ."

ಅವರು ಹೋದ ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ ಮೈದಾ ಮೂಟೆಯ ಮೇಲೆ ಕೂತು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸಂಜೆ ಮುಖ ತೊಳೆದು ಬಿಸ್ಕತ್ತು ಬೇಯಿಸಿದೆ.

ಮುಂದಿನ ವರ್ಷ ನನ್ನನ್ನು ಗುಬ್ಬಿಗೇ ಮದುವೆ ಮಾಡಿಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೆ ಅಬ್ಬಾ ಒಂದು ವಾರ ನಮ್ಮ ಮನೆಗೆ ಬಂದಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಮಾಡುತ್ತಿದ್ದೆ, ಅವರು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ತವಾ ಕಾದಿದೆಯಾ ನೋಡಿ ಅಬ್ಬಾ ಎಂದೆ. ಎಲ್ಲರೂ ಮಾಡುವ ಹಾಗೆ ಕೈಯನ್ನು ತವಾದ ಮೇಲೆ ಹಿಡಿಯಲು ಹೊರಟವರು ನಡುವೆಯೇ ನಿಲ್ಲಿಸಿ ಹಿಂದಕ್ಕೆ ಎಳೆದುಕೊಂಡರು. "ನೀನೇ ನೋಡಮ್ಮಾ" ಎಂದರು.

ನನಗೆ ತಡೆಯಲಾಗಲಿಲ್ಲ. ಒಲೆ ಆರಿಸಿ, ಕೈ ತೊಳೆದು, ಕಾಗದ ಪೆನ್ಸಿಲ್ ತಂದು ಅವರ ಮುಂದೆ ಕೂತೆ. ಎಲ್ಲವನ್ನೂ ಹೇಳಿದೆ. ಅರವತ್ತೆಂಟು ಹೇಗೆ ಬಂತು, ಮೂವತ್ತಾರು ಹೇಗೆ ಬರಬೇಕಿತ್ತು ಎಂದು ಬರೆದು ತೋರಿಸಿದೆ. ಅವರ ಕಣ್ಣು ಅಂಕಿಗಳ ಮೇಲಿಂದ ಜಾರುತ್ತಿರುವುದು ಕಂಡು ಬೇರೆ ಥರ ಹೇಳಿದೆ. "ಅಬ್ಬಾ, ಒಂದು ರಸ್ತೆಗೆ ಎರಡು ಥರ ಮೈಲಿಗಲ್ಲು ನೆಟ್ಟವ್ರೆ ಅಂದ್ಕೊಳಿ. ಒಬ್ರು ಗುಬ್ಬಿಯಿಂದ ಸೊನ್ನೆ ಅಂತ ಎಣಿಸ್ತಾರೆ. ಇನ್ನೊಬ್ರು ಗುಬ್ಬಿ ಕಲ್ಲಿಗೇ ಮೂವತ್ತೆರಡು ಅಂತ ಬರೀತಾರೆ. ಕಲ್ಲಿನ ನಂಬರು ಬೇಕಾದ್ರೆ ಮೂವತ್ತೆರಡು ಸೇರಿಸ್ಬೇಕು. ಆದ್ರೆ ನಿಟ್ಟೂರಿಂದ ಇನ್ನೊಂದೂರಿಗೆ ಎಷ್ಟು ದೂರ ಅಂತ ಕೇಳಿದ್ರೆ, ಆ ಮೂವತ್ತೆರಡಕ್ಕೂ ದೂರಕ್ಕೂ ಏನ್ ಸಂಬಂಧ? ನಾನು ದೂರಕ್ಕೂ ಅದನ್ನ ಸೇರಿಸ್ಬಿಟ್ಟೆ. ನಿಮ್ ಕೈ ಹೇಳಿದ್ದೇ ಸರಿ. ಕೇಕು ಕೆಟ್ಟಿದ್ದು ಬಾಗ್ಲು ತೆಗೆದಿದ್ದಕ್ಕೆ ಅಲ್ಲ."

ಅಬ್ಬಾ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ನಕ್ಕರು.

"ಅಪ್ಪನ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ಇಷ್ಟೆಲ್ಲಾ ಕಟ್ಟಿದೀಯ."

"ಇಲ್ಲಾ ಅಬ್ಬಾ, ಖುದಾ ಕಸಂ! ಚಾರ್ಟು ಬದಲಾಯಿಸ್ದೆ ನಾನು, ಅದಕ್ಕೇ ಆಮೇಲೆ ಚೆನ್ನಾಗ್ ಬಂದಿದ್ದು."

"ಚಾರ್ಟು ಎಣ್ಣೆ ಹತ್ತಿತ್ತು ಅಂತ ಬದಲಾಯಿಸ್ದೆ. ನೀನೇ ಹೇಳಿದ್ದೆ" ಎಂದರು ಅವರು. "ನಾನು ಕೈ ಇಟ್ಟಾಗ ಕೆಡ್ತು, ಇಡ್ದೇ ಇದ್ದಾಗ ಚೆನ್ನಾಗ್ ಬಂತು. ಕಣ್ಣಾರೆ ಕಂಡಿದೀನಿ. ಬಿಡಮ್ಮಾ, ನಂಗೇನೂ ಬೇಜಾರಿಲ್ಲ."

ನನ್ನದೇ ಸುಳ್ಳು ನನ್ನ ಎದುರು ಸಾಕ್ಷಿ ಹೇಳಿತು. ನಿಜವನ್ನು ನಾನು ಹೇಳಬಲ್ಲ ಭಾಷೆ ಅಂಕಿಗಳದು, ಅದನ್ನು ಪರೀಕ್ಷಿಸಿ ನೋಡುವ ದಾರಿ ಅವರಿಗಿರಲಿಲ್ಲ. ಅವರಿಗಿದ್ದ ಒಂದೇ ಒಂದು ದಾರಿಯನ್ನು ಕುಣಿಗಲ್ ಬಸ್ಸಿನಲ್ಲಿ ನಾನೇ ಮುಚ್ಚಿದ್ದೆ.

ಹಾಗಾದರೆ ಅಂಕಿ ಬೇಡ, ಕೈಯಿಂದಲೇ ತೋರಿಸುತ್ತೇನೆ ಎಂದು ಹಟ ಹಿಡಿದೆ. ಹಿಂದೆ ಹೊಸ ಭಟ್ಟಿಗೆ ಕೈಯಿಡಲು ಕರೆಯಬಂದಿದ್ದರಲ್ಲ ಗುಬ್ಬಿಯವರು, ಮರುದಿನ ಮಧ್ಯಾಹ್ನ ಅವರ ಬೇಕರಿಗೇ ಅಬ್ಬಾರನ್ನು ಕರೆದುಕೊಂಡು ಹೋದೆ. ಬೇಕರಿಯವರು ಥರ್ಮಾಮೀಟರು ಕೊಂಡಿರಲಿಲ್ಲ, ಅಂದಾಜಿನಲ್ಲೇ ನಡೆಸುತ್ತಿದ್ದರು. ಸಾಬರು ಬಂದರೆಂದು ಖುಷಿಯಿಂದ ಸ್ಟೂಲು ಹಾಕಿದರು. ಕೇಕಿನ ಟಿನ್ನುಗಳು ಭಟ್ಟಿಗೆ ಹೋಗಲು ಸಿದ್ಧವಾಗಿದ್ದವು. "ಕೇಕಿಗೆ ಸರಿಯಾಗಿದೆಯಾ ನೋಡಿ ಅಬ್ಬಾ" ಎಂದೆ. ಅವರು ಬೇಡ ಎಂದರು, ಆಮೇಲೆ ನನ್ನ ಮುಖ ನೋಡಿ ಎದ್ದರು. ತೋಳು ಮಡಿಸಿದರು. ಆ ಕೈ ಮೇಲೆ ಈಗ ನರೆತ ಕೂದಲು ಬೆಳೆದಿತ್ತು. ಕೈಯನ್ನು ಭಟ್ಟಿಯ ಬಾಯಿಯ ಹತ್ತಿರ ತಂದು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಎಷ್ಟಕ್ಕೆ ತೆಗೀಬೇಕು ಕೈ?"

ಆ ಪ್ರಶ್ನೆಯ ಅರ್ಥ ನನಗೆ ಆ ಕ್ಷಣ ಹೊಳೆಯಲಿಲ್ಲ. ಅವರು ಕೈ ಚಾಚಿದರೆ ಸಾಕು ಎಂಬ ಆತುರದಲ್ಲಿದ್ದೆ. ಮರೆತಿದ್ದಾರೆ, ನೆನಪಿಸೋಣ ಎಂದುಕೊಂಡೆ. "ಹದಿನೈದು ಅಬ್ಬಾ, ಕೇಕಿಗೆ ಹದಿನೈದು."

ಅವರು ಕೈ ಒಳಗೆ ಚಾಚಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಾ ಎಣಿಸಿದರು. ಏಳಕ್ಕೆ ಅವರ ದವಡೆ ಬಿಗಿಯಿತು. ಹತ್ತಕ್ಕೆ ಹಣೆಯಲ್ಲಿ ಬೆವರು. ಭಟ್ಟಿಯೊಳಗಿನ ಕೆಂಡವನ್ನು ಹೊರಗೆ ಎಳೆದು ಹತ್ತು ನಿಮಿಷವೂ ಆಗಿರಲಿಲ್ಲ, ಅದು ಬ್ರೆಡ್ಡಿಗೂ ಹೆಚ್ಚಾಗುವ ಬಿಸಿ ಎಂದು ಆಮೇಲೆ ತಿಳಿಯಿತು. "ತೆಗೀರಿ ಅಬ್ಬಾ" ಎಂದು ಕೂಗಿದೆ. ಅವರು ತೆಗೆಯಲಿಲ್ಲ. ಹನ್ನೆರಡು, ಹದಿಮೂರು ಎಂದು ಎಣಿಸುತ್ತಲೇ ಇದ್ದರು. ನಾನು ಓಡಿಹೋಗಿ ಅವರ ಭುಜ ಹಿಡಿದು ಎಳೆಯುವಷ್ಟರಲ್ಲಿ ಹದಿನೈದು ಮುಗಿದಿತ್ತು. ಕೈ ಹೇಳುವುದನ್ನು ಕೇಳದೆ, ನಾನು ಹೇಳಿದ ಅಂಕಿಯವರೆಗೆ ಅದನ್ನು ಹಿಡಿದಿಟ್ಟಿದ್ದರು.

ತೋಳಿನ ಕೂದಲು ಸುಟ್ಟ ವಾಸನೆ ಬರುತ್ತಿತ್ತು, ಮೊಣಕೈವರೆಗೆ ಚರ್ಮ ಕೆಂಪಾಗಿತ್ತು. ಅಬ್ಬಾ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಉಸಿರು ಸುಧಾರಿಸಿಕೊಂಡು, "ಹದಿನೈದು ಆಯ್ತಮ್ಮಾ. ಸರಿಯಾಗಿದೆ ಅಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಅವರನ್ನು ಹಿತ್ತಲಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ಚೊಂಬಿನಿಂದ ತೋಳಿನ ಮೇಲೆ ತಣ್ಣೀರು ಸುರಿಯುತ್ತಾ ಅತ್ತೆ. ಅವರು ಮತ್ತೆರಡು ಸಲ ಅದನ್ನೇ ಕೇಳಿದರು.